ಕಣ್ಣು ಮುಚ್ಚಿದ ಲೇಯರ್ ಫೈಲ್ ಬಿಟ್ಟು ಹೋಗಿರುವುದಿಲ್ಲ

ಮುಂಬಯಿಯ ಮಾಟುಂಗಾದಲ್ಲಿ ಒಂದು ಸಣ್ಣ ಡಿಟಿಪಿ ಅಂಗಡಿಯಲ್ಲಿ ನಾನು ಕೆಲಸ ಮಾಡುತ್ತೇನೆ. ನಮ್ಮ ಗಿರಾಕಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕನ್ನಡದವರು, ತುಳುವಿನವರು. ಮದುವೆ ಕಾಗದ, ಉಪನಯನದ ಕಾಗದ, ಯಕ್ಷಗಾನದ ಬ್ಯಾನರ್, ಹೋಟೆಲಿನ ಮೆನು, ಇವೇ ನಮ್ಮ ಕೆಲಸ. ಅಡುಗೆ ಕಾಂಟ್ರಾಕ್ಟ್ ಮಾಡುವ ಭಟ್ಟರೊಬ್ಬರು ವರ್ಷಗಳಿಂದ ನಮ್ಮಲ್ಲೇ ಕೊಟೇಶನ್ ಮಾಡಿಸುತ್ತಾರೆ. ಬಾಳೆ ಎಲೆಯ ಅಂಚು, ಮೇಲೆ ಗಣಪತಿ, ಮಧ್ಯೆ ಊಟದ ಪಟ್ಟಿ, ಕೆಳಗೆ ತಲಾ ಎಷ್ಟು ಎಂಬ ರೇಟು. ಎ4 ಅಳತೆಯ ಒಂದೇ ಪುಟ.

ಒಂದು ಮದುವೆಗೆ 600 ಎಲೆಯ ಊಟ, ತಲಾ 410 ರೂಪಾಯಿ ಎಂದು ಕೊಟೇಶನ್ ಮಾಡಿದ್ದೆ. ಮುಂದಿನ ತಿಂಗಳು ಇನ್ನೊಂದು ಮನೆಯ ಉಪನಯನಕ್ಕೆ ಅದೇ ಫೈಲ್ ತೆಗೆದೆ. ಇಲ್ಲಿ 350 ಎಲೆ, ತಲಾ 480. ಎಲೆ ಕಡಿಮೆ, ಹಾಲ್ ಮೂರನೇ ಮಾಳಿಗೆಯಲ್ಲಿ, ಲಿಫ್ಟ್ ಇಲ್ಲ, ಪಾತ್ರೆ ಹೊರುವುದಕ್ಕೇ ನಾಲ್ಕು ಜನ ಜಾಸ್ತಿ ಬೇಕು. ರೇಟು ಏರಿದ್ದಕ್ಕೆ ನ್ಯಾಯವಾದ ಕಾರಣವೇ ಇತ್ತು. "ಹಳೇದು ಇರಲಿ, ಅಳಿಸಬೇಡ. ಮತ್ತೆ ಬೇಕಾಗ್ತದೆ" ಎಂದಿದ್ದರು ಭಟ್ಟರು. ಫೋಟೋಶಾಪ್‌ನಲ್ಲಿ ಪುಟದ ಒಂದೊಂದು ಭಾಗವೂ, ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಯ ಹಾಗೆ, ಬೇರೆ ಬೇರೆ ಲೇಯರ್‌ನಲ್ಲಿರುತ್ತದೆ. ನಾನು ಹಳೇ ಟೆಕ್ಸ್ಟ್ ಲೇಯರ್‌ನ ಕಾಪಿ ತೆಗೆದು, ಹಳೇದರ ಪಕ್ಕದ ಕಣ್ಣಿನ ಗುರುತು ಒತ್ತಿ ಮರೆಮಾಡಿ, ಕಾಪಿಯಲ್ಲಿ ಹೊಸ ರೇಟು ಟೈಪ್ ಮಾಡಿದೆ. ಪಿಡಿಎಫ್ ಮಾಡಿ ಕಳಿಸಿದೆ. ಪಿಡಿಎಫ್ ತೆರೆದು ನೋಡಿದರೆ 480 ಮಾತ್ರ ಕಾಣುತ್ತಿತ್ತು.

ಆ ಮನೆಯ ಹುಡುಗ ಪುಣೆಯಲ್ಲಿ ಡಿಸೈನ್ ಕೆಲಸದಲ್ಲಿದ್ದಾನೆ. ಊಟದ ಪಟ್ಟಿಯನ್ನು ಕರೆಯೋಲೆಯಲ್ಲಿ ಹಾಕೋಣ, ಬಾಳೆ ಎಲೆ ಚಂದ ಇದೆ ಎಂದುಕೊಂಡು ನಾನು ಕಳಿಸಿದ ಪಿಡಿಎಫ್ ಅನ್ನು ಫೋಟೋಶಾಪ್‌ನಲ್ಲೇ ತೆರೆದ. ಅವನ ಪರದೆಯ ಮೇಲೆ ನನ್ನ ಎಲ್ಲ ಲೇಯರ್‌ಗಳೂ ಹಾಗ್ಹಾಗೇ ಬಂದವು. ಅದರಲ್ಲಿ ಒಂದರ ಕಣ್ಣು ಮುಚ್ಚಿತ್ತು. ಅವನು ಅದನ್ನು ಒತ್ತಿದ. ಹಳೇ ಮನೆಯ ಹೆಸರು, ಅವರ ಮೊಬೈಲ್ ನಂಬರ್, 600 ಎಲೆ, ತಲಾ 410.

ಸಂಜೆ ಭಟ್ಟರ ಫೋನ್ ಬಂತು. "ಎಂತ ಮಾರಾಯ್ತಿ, ಆ ಹಳೇ ರೇಟು ಅವರಿಗೆ ಹೇಗೆ ಸಿಕ್ಕಿತು?"

ಭಟ್ಟರು ಕೊನೆಗೆ 445ಕ್ಕೆ ಒಪ್ಪಬೇಕಾಯಿತು. ಎಲೆಗೆ 35 ರೂಪಾಯಿಯಂತೆ 350 ಎಲೆಗೆ 12,250 ರೂಪಾಯಿ ಹೋಯಿತು. ದುಡ್ಡಿಗಿಂತ ನನಗೆ ಜಾಸ್ತಿ ಕೊರೆದದ್ದು ಆ ಇನ್ನೊಂದು ಮನೆಯವರ ನಂಬರು. ಅವರಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಆಮೇಲೆ ನಾನು ಈ ವಿಷಯವನ್ನು ಬುಡದಿಂದ ಕಲಿತೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಕಣ್ಣಿನ ಗುರುತು ಏನು ಮಾಡುತ್ತದೆ ಅಂತ ನೋಡೋಣ. ಫೋಟೋಶಾಪ್ ತನ್ನ ಕೆಲಸವನ್ನು ಸೇವ್ ಮಾಡುವ ಪಿಎಸ್‌ಡಿ ಫೈಲ್‌ನಲ್ಲಿ ಪ್ರತಿ ಲೇಯರ್‌ಗೂ ಒಂದು ದಾಖಲೆ ಇರುತ್ತದೆ. ಲೇಯರ್ ಎಲ್ಲಿಂದ ಎಲ್ಲಿಯವರೆಗೆ ಇದೆ, ಎಷ್ಟು ಪಾರದರ್ಶಕ, ಹೆಸರೇನು, ಇಂಥವು. ಅದರಲ್ಲೇ ಒಂದು ಚಿಕ್ಕ ಜಾಗದಲ್ಲಿ "ತೋರಿಸು" ಅಥವಾ "ತೋರಿಸಬೇಡ" ಎಂಬ ಗುರುತು ಇರುತ್ತದೆ. ಅದು ಒಂದೇ ಒಂದು ಬಿಟ್. ಕಣ್ಣು ಮುಚ್ಚಿದಾಗ ಬದಲಾಗುವುದು ಆ ಬಿಟ್ ಮಾತ್ರ. ಟೆಕ್ಸ್ಟ್ ಲೇಯರ್ ಆದರೆ ನೀವು ಟೈಪ್ ಮಾಡಿದ ಅಕ್ಷರಗಳು, ಫಾಂಟಿನ ಹೆಸರು, ಅಳತೆ, ಬಣ್ಣ ಎಲ್ಲವೂ ಆ ದಾಖಲೆಯ ಹಿಂದೆಯೇ ಪೂರ್ತಿ ಇರುತ್ತವೆ. ಅಂಗಡಿಯ ಷಟರ್ ಎಳೆದ ಹಾಗೆ ಅಷ್ಟೇ. ಸಾಮಾನು ಒಳಗೇ ಇದೆ, ಬೀಗವೂ ಹಾಕಿಲ್ಲ.

ಇದು ಸಾಫ್ಟ್‌ವೇರಿನ ತಪ್ಪಲ್ಲ. ಅದು ಇರುವುದೇ ಹಾಗೆ. ಒಂದೇ ಫೈಲ್‌ನಲ್ಲಿ ಕನ್ನಡ ಒಂದು ಲೇಯರ್, ಮರಾಠಿ ಇನ್ನೊಂದು ಲೇಯರ್ ಇಟ್ಟುಕೊಂಡು, ಬೇಕಾದಾಗ ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚುವುದು ನಮ್ಮ ದಿನದ ಕೆಲಸ. ಕಣ್ಣು ಇರುವುದು ಕೆಲಸ ಮಾಡುವವರ ಅನುಕೂಲಕ್ಕೆ. ಹೊರಗಿನವರಿಂದ ಬಚ್ಚಿಡುವುದಕ್ಕೆ ಅದನ್ನು ಮಾಡಿಲ್ಲ.

ಇದನ್ನೇ ಇನ್ನೂ ಹತ್ತಿರದಿಂದ ನೋಡಬೇಕಾದರೆ ಎಸ್‌ವಿಜಿ ಎಂಬ ಬಗೆಯ ಚಿತ್ರದ ಫೈಲ್ ಒಳ್ಳೆಯದು. ಅದರ ಒಳಗಿರುವುದು ಬರೀ ಅಕ್ಷರಗಳು. ನೋಟ್‌ಪ್ಯಾಡ್‌ನಲ್ಲೇ ತೆರೆಯುತ್ತದೆ. ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ಸಾಫ್ಟ್‌ವೇರಿನಲ್ಲಿ ಲೇಯರ್ ಒಂದನ್ನು ಮರೆಮಾಡಿ ಸೇವ್ ಮಾಡಿದರೆ ಒಳಗೆ ಹೆಚ್ಚು ಕಡಿಮೆ ಹೀಗಿರುತ್ತದೆ:

```
<g style="display:none">
  <text x="40" y="120">ತಲಾ 410 ರೂ.</text>
</g>
<g>
  <text x="40" y="120">ತಲಾ 480 ರೂ.</text>
</g>
```

ಮೊದಲ ಸಾಲಿನ `display:none` ಒಂದೇ ಮರೆಮಾಡುವ ಕೆಲಸ ಮಾಡುತ್ತಿದೆ. 410 ಅಲ್ಲೇ ಕೂತಿದೆ. ಆ ಲೇಯರ್ ಡಿಲೀಟ್ ಮಾಡಿ ಸೇವ್ ಮಾಡಿದರೆ ಮೊದಲ ಮೂರು ಸಾಲೂ ಹೋಗುತ್ತವೆ. ಮರೆಮಾಡುವುದಕ್ಕೂ ಅಳಿಸುವುದಕ್ಕೂ ಇರುವ ವ್ಯತ್ಯಾಸ ಇಲ್ಲಿ ಕಣ್ಣಿಗೇ ಕಾಣುತ್ತದೆ. ಪಿಎಸ್‌ಡಿಯಲ್ಲೂ ಆಗುವುದು ಇದೇ. ಆದರೆ ಅದನ್ನು ಹೀಗೆ ತೆರೆದು ಓದಲು ಆಗದ ಕಾರಣ ನಮಗೆ ನಂಬಿಕೆ ಬರುವುದಿಲ್ಲ.

ಈಗ ನನ್ನ ಪಿಡಿಎಫ್‌ಗೆ ಬರೋಣ. ಪಿಡಿಎಫ್ ಅಂದರೆ ಮುದ್ರಿಸಿದ ಕಾಗದದ ಹಾಗೆ, ಕಾಣುವುದಷ್ಟೇ ಅದರಲ್ಲಿರುತ್ತದೆ ಎಂದು ನಾನು ನಂಬಿದ್ದೆ. ಎಷ್ಟೋ ಜನ ಹಾಗೇ ನಂಬುತ್ತಾರೆ. ಫೋಟೋಶಾಪ್‌ನಿಂದ ಪಿಡಿಎಫ್ ಆಗಿ ಸೇವ್ ಮಾಡುವಾಗ ಬರುವ ಕಿಟಕಿಯಲ್ಲಿ `Preserve Photoshop Editing Capabilities` ಎಂಬ ಚೌಕ ಇದೆ. ಅದಕ್ಕೆ ಟಿಕ್ ಇದ್ದರೆ ಕಾಣುವ ಪುಟದ ಜೊತೆಗೆ ಫೋಟೋಶಾಪ್‌ನ ಎಲ್ಲ ಲೇಯರ್‌ಗಳನ್ನೂ, ಮರೆಮಾಡಿದ್ದನ್ನೂ ಸೇರಿಸಿ, ಆ ಪಿಡಿಎಫ್ ಒಳಗೆ ತುಂಬಿಸಿ ಇಡುತ್ತದೆ. ಸಾಮಾನ್ಯ ಪಿಡಿಎಫ್ ಓದುವ ಆ್ಯಪ್‌ಗೆ ಅದು ಕಾಣುವುದಿಲ್ಲ. ಫೋಟೋಶಾಪ್‌ಗೆ ಕಾಣುತ್ತದೆ. ಇಲ್ಲಸ್ಟ್ರೇಟರ್‌ನಲ್ಲೂ `Preserve Illustrator Editing Capabilities` ಎಂದು ಇಂಥದ್ದೇ ಚೌಕ ಇದೆ, ಕೆಲಸವೂ ಅದೇ.

ನನ್ನ ಟಿಕ್ ಹಾಗೇ ಇತ್ತು. ನಾನು ಆ ಕಿಟಕಿಯನ್ನು ಓದಿಯೇ ಇರಲಿಲ್ಲ. ಒಂದು ಸುಳಿವಂತೂ ಕಣ್ಣೆದುರೇ ಇತ್ತು. ಒಂದೇ ಪುಟದ ಕೊಟೇಶನ್ 38 ಎಂಬಿ ಆಗಿತ್ತು. ಟಿಕ್ ತೆಗೆದು ಅದೇ ಪುಟ ಮಾಡಿದಾಗ 3 ಎಂಬಿ ಬಂತು. ಫೈಲ್ ದಪ್ಪ ಇದೆ ಅಂದಮಾತ್ರಕ್ಕೆ ಒಳಗೆ ಲೇಯರ್ ಇದೆ ಅಂತಲ್ಲ, ದೊಡ್ಡ ಫೋಟೋ ಇದ್ದರೂ ದಪ್ಪ ಆಗುತ್ತದೆ. ಆದರೆ ಒಂದು ಪುಟಕ್ಕೆ ಇಷ್ಟು ತೂಕ ಯಾಕೆ ಅಂತ ನಿಂತು ನೋಡಬೇಕಿತ್ತು.

ಇದನ್ನು ಪರೀಕ್ಷೆ ಮಾಡಲು ಸುಲಭದ ದಾರಿಯೊಂದಿದೆ. ಕಳಿಸಬೇಕಾದ ಪಿಡಿಎಫ್ ಅನ್ನು ಫೋಟೋಶಾಪ್‌ನಲ್ಲೇ ಮತ್ತೆ ತೆರೆಯಿರಿ. `Import PDF` ಎಂಬ ಕಿಟಕಿ ಬಂದು, ಯಾವ ಪುಟ ಬೇಕು, ಎಷ್ಟು ರೆಸಲ್ಯೂಶನ್ ಬೇಕು ಎಂದು ಕೇಳಿದರೆ, ಫೋಟೋಶಾಪ್‌ನ ಲೇಯರ್‌ಗಳು ಒಳಗಿಲ್ಲ ಎಂದರ್ಥ. ಏನೂ ಕೇಳದೆ ನೇರವಾಗಿ ಲೇಯರ್‌ಗಳ ಸಮೇತ ತೆರೆದುಕೊಂಡರೆ, ಎಲ್ಲವೂ ಒಳಗೇ ಇದೆ. ಆ ಹುಡುಗನಿಗೆ ಆದದ್ದು ಇದೇ ಎರಡನೆಯದು.

ಹಾಗಾದರೆ ಡಿಲೀಟ್ ಮಾಡಿದರೆ ಸಾಕಾ? ಡಿಲೀಟ್ ಮಾಡಿ ಪಿಎಸ್‌ಡಿ ಸೇವ್ ಮಾಡಿದರೆ ಆ ಲೇಯರ್ ಫೈಲ್‌ನಿಂದ ಹೋಗುತ್ತದೆ. ಫೋಟೋಶಾಪ್‌ನ ಅಂಡೂ ಪಟ್ಟಿ ಪಿಎಸ್‌ಡಿ ಜೊತೆ ಸೇವ್ ಆಗುವುದಿಲ್ಲ. ಫೈಲ್ ಪಡೆದವರು ಕಂಟ್ರೋಲ್ ಝಡ್ ಒತ್ತಿ ಹಿಂದಕ್ಕೆ ಹೋಗಲಾರರು. ಅಷ್ಟರ ಮಟ್ಟಿಗೆ ನಿಶ್ಚಿಂತೆ. ತೊಂದರೆ ಬರುವುದು ಬೇರೆ ಕಡೆಯಿಂದ. ಅದೇ ಮಾತು ಫೈಲ್‌ನ ಇನ್ನೊಂದು ಮೂಲೆಯಲ್ಲೂ ಇರುತ್ತದೆ, ನಾವು ಒಂದು ಕಡೆ ಅಳಿಸಿ ಮುಗಿಯಿತು ಅಂದುಕೊಳ್ಳುತ್ತೇವೆ.

ನನ್ನ ಕೊಟೇಶನ್ ಫೈಲನ್ನೇ ಬಿಚ್ಚಿ ತೋರಿಸುತ್ತೇನೆ. ಆ ಘಟನೆಯ ಮರುದಿನ ಕೂತು ಅದನ್ನು ಶುದ್ಧ ಮಾಡಲು ಹೊರಟೆ. ಲೇಯರ್ ಪಟ್ಟಿಯ ಮೆನುವಿನಲ್ಲಿ `Delete Hidden Layers` ಇದೆ. ಒತ್ತಿದೆ. ಕಣ್ಣು ಮುಚ್ಚಿದ ಲೇಯರ್‌ಗಳೆಲ್ಲ ಹೋದವು. ಮುಗಿಯಿತು ಅನ್ನಿಸಿತು. ಅಭ್ಯಾಸಬಲದಿಂದ ಪಟ್ಟಿಯನ್ನು ಮೇಲಿಂದ ಕೆಳಗೆ ಒಮ್ಮೆ ಓದಿದೆ. ಒಂದು ಲೇಯರ್‌ನ ಹೆಸರು "ಹಳೇ ಪಾರ್ಟಿ 410 ಕಾಪಿ" ಎಂದಿತ್ತು.

ಫೋಟೋಶಾಪ್ ಟೆಕ್ಸ್ಟ್ ಲೇಯರ್‌ಗೆ ತಾನೇ ಹೆಸರಿಡುತ್ತದೆ. ನೀವು ಟೈಪ್ ಮಾಡಿದ ಮೊದಲ ಕೆಲವು ಪದಗಳೇ ಹೆಸರು. ಅಕ್ಷರ ಬದಲಿಸಿದರೆ ಹೆಸರೂ ಬದಲಾಗುತ್ತದೆ. ಆದರೆ ಒಮ್ಮೆ ನೀವೇ ಕೈಯಾರೆ ಹೆಸರಿಟ್ಟರೆ ಆಮೇಲೆ ಅದು ಬದಲಾಗುವುದಿಲ್ಲ. ನಾನು ಗುರುತಿಗೆಂದು ಹೆಸರಿಟ್ಟಿದ್ದೆ, ಕಾಪಿ ತೆಗೆದಾಗ ಹೆಸರೂ ಜೊತೆಗೆ ಬಂತು. ಒಳಗೆ ಟೈಪ್ ಆಗಿದ್ದು 480, ಮೇಲಿನ ಹೆಸರಿನಲ್ಲಿ 410. ಲೇಯರ್ ಕಾಣುವಂಥದ್ದೇ ಆದ್ದರಿಂದ `Delete Hidden Layers` ಅದನ್ನು ಮುಟ್ಟಲಿಲ್ಲ. ಟೆಕ್ಸ್ಟ್ ಲೇಯರನ್ನು ರಾಸ್ಟರೈಸ್ ಮಾಡಿ ಚಿತ್ರವಾಗಿಸಿದರೂ ಹೆಸರು ಹಾಗೇ ಉಳಿಯುತ್ತದೆ.

ಮುಂದೆ ಊಟದ ಪಟ್ಟಿ. ಅದು ಒಂದು ಸ್ಮಾರ್ಟ್ ಆಬ್ಜೆಕ್ಟ್ ಆಗಿತ್ತು. ಸ್ಮಾರ್ಟ್ ಆಬ್ಜೆಕ್ಟ್ ಅಂದರೆ ಫೈಲ್ ಒಳಗೆ ಇನ್ನೊಂದು ಇಡೀ ಫೈಲ್. ಹೊರಗಿನಿಂದ ಒಂದೇ ಲೇಯರ್ ಹಾಗೆ ಕಾಣುತ್ತದೆ. ಅದರ ಸಣ್ಣ ಚಿತ್ರದ ಮೇಲೆ ಎರಡು ಸಲ ಒತ್ತಿದರೆ ಬೇರೆ ಕಿಟಕಿಯಲ್ಲಿ ತೆರೆದುಕೊಳ್ಳುತ್ತದೆ, ಅದಕ್ಕೆ ಅದರದ್ದೇ ಲೇಯರ್‌ಗಳ ಪಟ್ಟಿ ಇರುತ್ತದೆ. ನನ್ನದರಲ್ಲಿ ಹನ್ನೊಂದು ಟೆಕ್ಸ್ಟ್ ಲೇಯರ್ ಇದ್ದವು. ಕಾಣುತ್ತಿದ್ದದ್ದು ನಾಲ್ಕು. ಉಳಿದ ಏಳು ಹಿಂದಿನ ಮನೆಗಳ ಪಟ್ಟಿಗಳು. ಒಂದರ ಕೆಳಗೆ "ಹೋಳಿಗೆ ಬೇಡ, ಅಜ್ಜಿಗೆ ಸಕ್ಕರೆ ಕಾಯಿಲೆ" ಎಂದು ನಾನೇ ಗುರುತು ಹಾಕಿಕೊಂಡಿದ್ದೆ. ಯಾರದೋ ಮನೆಯ ಅಜ್ಜಿಯ ಕಾಯಿಲೆಯ ವಿಷಯ ಎಷ್ಟು ಮನೆಗಳಿಗೆ ಹೋಗಿತ್ತೋ.

ಹೊರಗಿನ ಫೈಲ್‌ನಲ್ಲಿ ಒತ್ತಿದ `Delete Hidden Layers` ಸ್ಮಾರ್ಟ್ ಆಬ್ಜೆಕ್ಟ್ ಒಳಗೆ ಇಳಿಯುವುದಿಲ್ಲ. ಲೇಯರ್ ಪಟ್ಟಿಯ ಮೇಲಿರುವ ಟಿ ಗುರುತಿನ ಸೋಸುವ ಬಟನ್ ಒತ್ತಿದರೆ ಟೆಕ್ಸ್ಟ್ ಲೇಯರ್‌ಗಳು ಮಾತ್ರ ಕಾಣುತ್ತವೆ. ಹುಡುಕುವುದಕ್ಕೆ ಅದು ತುಂಬಾ ಉಪಯೋಗ, ಆದರೆ ಅದೂ ಒಳಗೆ ಇಣುಕುವುದಿಲ್ಲ. ಒಂದೊಂದೇ ಸ್ಮಾರ್ಟ್ ಆಬ್ಜೆಕ್ಟ್ ತೆರೆದು, ಒಳಗೆ ಡಿಲೀಟ್ ಮಾಡಿ, ಅಲ್ಲೇ ಸೇವ್ ಒತ್ತಿ ಮುಚ್ಚಬೇಕು. ಒಳಗೆ ಇನ್ನೊಂದು ಸ್ಮಾರ್ಟ್ ಆಬ್ಜೆಕ್ಟ್ ಇದ್ದರೆ ಅದನ್ನೂ ತೆರೆಯಬೇಕು. ಪಡೆಯುವವರು ಆ ಪಟ್ಟಿಯನ್ನು ತಿದ್ದುವ ಅಗತ್ಯವೇ ಇಲ್ಲವಾದರೆ ಆ ಲೇಯರನ್ನು ರಾಸ್ಟರೈಸ್ ಮಾಡಿಬಿಡಿ. ಆಗ ಒಳಗಿನ ಫೈಲ್ ಹೋಗಿ ಬರೀ ಚಿತ್ರ ಉಳಿಯುತ್ತದೆ.

ಕಣ್ಣು ತೆರೆದೇ ಇದ್ದು ಕಾಣದಿರುವ ಲೇಯರ್‌ಗಳೂ ಇರುತ್ತವೆ. ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರ. ಒಪ್ಯಾಸಿಟಿ ಸೊನ್ನೆ ಮಾಡಿದ್ದು. ಮಾಸ್ಕ್ ಹಾಕಿ ಮುಚ್ಚಿದ್ದು. ಪುಟದ ಅಂಚಿನಿಂದ ಆಚೆಗೆ ಎಳೆದು ಬಿಟ್ಟದ್ದು. ಮೇಲೆ ಬಣ್ಣ ತುಂಬಿದ ಪೆಟ್ಟಿಗೆ ಎಳೆದು ಮುಚ್ಚಿದ್ದು. ಇವು ಯಾವುವೂ ಫೋಟೋಶಾಪ್ ಲೆಕ್ಕದಲ್ಲಿ ಮರೆಮಾಡಿದ ಲೇಯರ್ ಅಲ್ಲ. ಅಂಚಿನಾಚೆ ಇರುವುದನ್ನು ನೋಡಲು `Image` ಮೆನುವಿನ `Reveal All` ಒತ್ತಿ. ಪುಟ ದೊಡ್ಡದಾಗಿ ಹೊರಗೆ ಬಿದ್ದಿದ್ದೆಲ್ಲ ಒಳಗೆ ಬರುತ್ತದೆ. ನೋಡಿ ಆದಮೇಲೆ ಅಂಡೂ ಮಾಡಿ.

ಪೆಟ್ಟಿಗೆ ಎಳೆದು ಮುಚ್ಚುವ ತಪ್ಪು ದೊಡ್ಡ ದೊಡ್ಡ ಕಡೆಯೂ ಆಗಿದೆ. 1953ರಲ್ಲಿ ಇರಾನಿನ ಸರ್ಕಾರವನ್ನು ಉರುಳಿಸಿದ ಬಗ್ಗೆ ಅಮೆರಿಕದ ಸಿಐಎ ಗುಟ್ಟಾಗಿ ಬರೆಸಿದ್ದ ಇತಿಹಾಸವೊಂದಿತ್ತು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 2000ದಲ್ಲಿ ಅದನ್ನು ಪಿಡಿಎಫ್ ಮಾಡಿ ತನ್ನ ವೆಬ್‌ಸೈಟಿಗೆ ಹಾಕಿತು. ಅದರಲ್ಲಿದ್ದ ಇರಾನಿನವರ ಹೆಸರುಗಳನ್ನು, ಅವರ ಮನೆಯವರಿಗೆ ಅಪಾಯ ಆಗಬಾರದೆಂದು, ಪೆಟ್ಟಿಗೆ ಎಳೆದು ಮುಚ್ಚಿತ್ತು. ಜಾನ್ ಯಂಗ್ ಎಂಬ ನ್ಯೂಯಾರ್ಕಿನವರು ಅದನ್ನು ನಿಧಾನದ ಕಂಪ್ಯೂಟರಿನಲ್ಲಿ ತೆರೆದರು. ಪುಟ ನಿಧಾನವಾಗಿ ಮೂಡುವಾಗ ಮೊದಲು ಹೆಸರು ಬಂತು, ಆಮೇಲೆ ಅದರ ಮೇಲೆ ಪೆಟ್ಟಿಗೆ ಬಂತು. ಮಧ್ಯೆ ನಿಲ್ಲಿಸಿದರೆ ಹೆಸರು ಓದಬಹುದಿತ್ತು. ಹೆಸರುಗಳು ಹೊರಗೆ ಬಂದವು. ಪೆಟ್ಟಿಗೆಯೂ ಒಂದು ಪದರವೇ, ಕೆಳಗಿನ ಪದರ ಎಲ್ಲಿಗೂ ಹೋಗಿರುವುದಿಲ್ಲ.

ಫೋಟೋಶಾಪ್‌ನಲ್ಲಿ `Merge Visible` ಮತ್ತು `Flatten Image` ಎಂಬ ಎರಡು ಆಜ್ಞೆಗಳಿವೆ. ನಮ್ಮ ಅಂಗಡಿಯಲ್ಲೇ ಇವೆರಡನ್ನೂ ಒಂದೇ ಅಂದುಕೊಂಡವರಿದ್ದರು. `Merge Visible` ಕಾಣುವ ಲೇಯರ್‌ಗಳನ್ನು ಮಾತ್ರ ಒಂದು ಮಾಡುತ್ತದೆ. ಮರೆಮಾಡಿದ್ದು ಕೆಳಗೆ ಹಾಗೇ ಕೂತಿರುತ್ತದೆ. `Flatten Image` ಮರೆಮಾಡಿದ್ದನ್ನು ಬಿಸಾಡಬೇಕಾ ಎಂದು ಕೇಳುತ್ತದೆ, ಹೂಂ ಅಂದರೆ ಬಿಸಾಡಿ, ಎಲ್ಲವನ್ನೂ ಒಂದೇ ಚಿತ್ರ ಮಾಡುತ್ತದೆ. ತಿದ್ದುವ ಅಗತ್ಯ ಇಲ್ಲದವರಿಗೆ ಕಳಿಸುವಾಗ ಬೇಕಾದದ್ದು ಇದು. ನಿಮ್ಮ ಮೂಲ ಫೈಲ್ ಮೇಲೆ ಮಾತ್ರ ಇದನ್ನು ಮಾಡಬೇಡಿ. ಮೊದಲು ಬೇರೆ ಹೆಸರಿನಲ್ಲಿ ಸೇವ್ ಮಾಡಿಕೊಳ್ಳಿ.

ಒಂದೇ ಚಿತ್ರ ಆದ ಮೇಲೂ ಅಕ್ಷರ ಉಳಿಯಬಹುದಾದ ಜಾಗ ಒಂದಿದೆ. ನನಗೆ ಅತಿ ಆಶ್ಚರ್ಯ ಆದದ್ದು ಇದರಲ್ಲೇ. ಚಿತ್ರದ ಫೈಲ್‌ಗಳಲ್ಲಿ ಚಿತ್ರದ ಜೊತೆಗೆ ಮೆಟಾಡೇಟಾ ಎಂಬ ವಿವರಗಳ ಚೀಟಿ ಇರುತ್ತದೆ. ಯಾವಾಗ ಮಾಡಿದ್ದು, ಯಾವ ಸಾಫ್ಟ್‌ವೇರ್, ಇಂಥವು. ಫೋಟೋಶಾಪ್ ಈ ಚೀಟಿಯಲ್ಲಿ ಟೆಕ್ಸ್ಟ್ ಲೇಯರ್‌ಗಳ ಹೆಸರನ್ನೂ, ಒಳಗಿನ ಮಾತನ್ನೂ ಬರೆದಿಡುತ್ತದೆ. ಬೇರೆ ಸಾಫ್ಟ್‌ವೇರ್‌ಗಳು ಸುಲಭವಾಗಿ ಓದಲಿ ಎಂದು ಇಟ್ಟ ಸೌಲಭ್ಯ ಅದು. ಲೇಯರ್ ಇರುವ ಫೈಲ್‌ನಿಂದ ನೇರವಾಗಿ ಜೆಪಿಜಿ ಸೇವ್ ಮಾಡಿದಾಗ ಈ ಚೀಟಿಯೂ ಅದರ ಜೊತೆ ಹೋಗಬಹುದು. ಜೆಪಿಜಿಯಲ್ಲಿ ಲೇಯರ್ ಇರುವುದಿಲ್ಲ ನಿಜ. ಆದರೆ ಲೇಯರ್‌ನಲ್ಲಿದ್ದ ಮಾತು ಅಕ್ಷರರೂಪದಲ್ಲಿ ಅಲ್ಲಿರಬಹುದು.

ಇದನ್ನು ನೋಡಲು ಎಕ್ಸಿಫ್‌ಟೂಲ್ ಎಂಬ ಉಚಿತ ಸಾಧನ ಇದೆ. ಕಮಾಂಡ್ ಕಿಟಕಿಯಲ್ಲಿ, `rate.jpg` ಇರುವಲ್ಲಿ ನಿಮ್ಮ ಫೈಲ್‌ನ ಹೆಸರು ಹಾಕಿ, ಹೀಗೆ ಕೊಡಬೇಕು:

```
exiftool -TextLayerName -TextLayerText rate.jpg
```

ಉತ್ತರವಾಗಿ ಸಾಲುಗಳು ಬಂದರೆ ಓದಿ. ನಿಮ್ಮ ಹಳೇ ರೇಟು, ಹಳೇ ಹೆಸರು ಅದರಲ್ಲಿ ಇರಬಾರದು. ಇದ್ದರೆ ಆ ಚೀಟಿಯನ್ನೇ ತೆಗೆಯಬಹುದು:

```
exiftool -XMP:all= rate.jpg
```

ಇದನ್ನು ಮಾಡಿದಾಗ ಎಕ್ಸಿಫ್‌ಟೂಲ್ ಹಳೇ ಫೈಲನ್ನು `rate.jpg_original` ಎಂಬ ಹೆಸರಿನಲ್ಲಿ ಅದೇ ಫೋಲ್ಡರ್‌ನಲ್ಲಿ ಇಟ್ಟಿರುತ್ತದೆ. ಆಮೇಲೆ ಇಡೀ ಫೋಲ್ಡರ್ ಜಿಪ್ ಮಾಡಿ ಕಳಿಸಿದರೆ ಅದೂ ಹೋಗುತ್ತದೆ. ಕಮಾಂಡ್ ಗೋಜು ಬೇಡ ಅನ್ನುವವರು ಫೋಟೋಶಾಪ್‌ನ `Export As` ಬಳಸಿ, `Metadata` ಎಂಬಲ್ಲಿ `None` ಆರಿಸಿದರೆ ಸಾಕು. ಇನ್ನೊಂದು ಮಾತು. ಮೊದಲ ಕಮಾಂಡಿಗೆ ಏನೂ ಉತ್ತರ ಬರಲಿಲ್ಲ ಅಂದರೆ ಚೀಟಿಯಲ್ಲಿ ಇಲ್ಲ ಅಂತ ಅಷ್ಟೇ. ಪಿಎಸ್‌ಡಿ ಆಗಿದ್ದರೆ ಲೇಯರ್‌ನಲ್ಲೇ ಇರಬಹುದು.

ನಮ್ಮ ಕನ್ನಡದವರಿಗೇ ವಿಶೇಷವಾಗಿ ಬರುವ ತೊಂದರೆ ಒಂದಿದೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಫೈಲ್‌ನಲ್ಲಿ ಹಳೇ ಹೆಸರು ಉಳಿದಿದೆಯಾ ಅಂತ ಹುಡುಕುವಾಗ ನಾವು ಆ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಿ ಹುಡುಕುತ್ತೇವೆ, ಅಲ್ವಾ? ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದರೆ ಸರಿ. ಆದರೆ ಮುದ್ರಣದ ಕೆಲಸದಲ್ಲಿ ನುಡಿ, ಶ್ರೀಲಿಪಿಯ ಹಳೇ ಫಾಂಟ್‌ಗಳು ಈಗಲೂ ಓಡುತ್ತಿವೆ. ಅವುಗಳಲ್ಲಿ ಟೈಪ್ ಮಾಡಿದ ಮಾತು ಫೈಲ್ ಒಳಗೆ ಕನ್ನಡವಾಗಿ ಇರುವುದೇ ಇಲ್ಲ. ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರವಾಗಿ ಇರುತ್ತದೆ. ಫಾಂಟ್ ಹಾಕಿದಾಗ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ. ಹಾಗಾಗಿ ಕನ್ನಡದಲ್ಲಿ ಹುಡುಕಿದರೆ "ಸಿಗಲಿಲ್ಲ" ಎಂದೇ ಬರುತ್ತದೆ. ಮಾತು ಮಾತ್ರ ಅಲ್ಲೇ ಇರುತ್ತದೆ, ಅದೇ ಫಾಂಟ್ ಇರುವವರು ಸಲೀಸಾಗಿ ಓದುತ್ತಾರೆ. ಎಕ್ಸಿಫ್‌ಟೂಲ್ ಉತ್ತರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಂಡರೆ ಕಸ ಎಂದು ಬಿಡಬೇಡಿ. ಅದನ್ನು ಕಾಪಿ ಮಾಡಿ, ಒಂದು ಖಾಲಿ ಪುಟದಲ್ಲಿ ಅಂಟಿಸಿ, ಆ ಫಾಂಟ್ ಹಾಕಿ ನೋಡಿ. ನಾನು ಹಾಗೆ ಮಾಡಿದಾಗ ಒಂದು ಸಾಲಿನಲ್ಲಿ ಹಳೇ ಮನೆಯ ಯಜಮಾನರ ಹೆಸರು ಪೂರ್ತಿ ಎದ್ದು ಬಂತು.

ಇಲ್ಲಸ್ಟ್ರೇಟರ್ ಫೈಲ್‌ನಲ್ಲಿ ಹುಡುಕುವವರಿಗೂ ಹೀಗೇ ಮೋಸ ಆಗುತ್ತದೆ. ಅದರ ಒಳಗಿನ ಮಾಹಿತಿ ಕುಗ್ಗಿಸಿದ ರೂಪದಲ್ಲಿರುತ್ತದೆ. ನೋಟ್‌ಪ್ಯಾಡ್‌ನಲ್ಲಿ ತೆರೆದು 410 ಎಂದು ಹುಡುಕಿದರೆ ಸಿಗುವುದಿಲ್ಲ. ಸಿಗದಿದ್ದರೆ ಇಲ್ಲ ಎಂದಾಗುವುದಿಲ್ಲ. ಆ ಫೈಲನ್ನು ಅದೇ ಸಾಫ್ಟ್‌ವೇರಿನಲ್ಲಿ ತೆರೆದು ಲೇಯರ್ ಪಟ್ಟಿ ಓದುವುದೇ ನಂಬುವಂಥ ದಾರಿ.

ಪಿಡಿಎಫ್ ಆದಮೇಲೆ ಅದರಲ್ಲೇ ತಿದ್ದುವವರೂ ಇದ್ದಾರೆ. ಅವರಿಗೊಂದು ಮಾತು. ಪಿಡಿಎಫ್ ತಿದ್ದಿ ಸುಮ್ನೆ `Save` ಒತ್ತಿದರೆ, ಎಷ್ಟೋ ಸಲ ಹಳೇ ಫೈಲ್ ಹಾಗೇ ಇದ್ದು, ಬದಲಾವಣೆ ಮಾತ್ರ ಅದರ ಬಾಲಕ್ಕೆ ಸೇರುತ್ತದೆ. ಪಿಡಿಎಫ್‌ನ ರಚನೆಯಲ್ಲೇ ಅದಕ್ಕೆ ಅವಕಾಶ ಇದೆ. ಅಳಿಸಿದ ಸಾಲು ಪರದೆಯಲ್ಲಿ ಕಾಣುವುದಿಲ್ಲ, ಫೈಲ್‌ನ ಮೊದಲಿನ ಭಾಗದಲ್ಲಿ ಹಾಗೇ ಇರುತ್ತದೆ, ಗೊತ್ತಿರುವವರು ಅದನ್ನು ಹೊರತೆಗೆಯಬಹುದು. ಗುಟ್ಟಿನ ವಿಷಯ ಇದ್ದರೆ ಪಿಡಿಎಫ್ ತಿದ್ದುವುದು ಬೇಡ. ಮೂಲ ಫೈಲ್‌ನಲ್ಲಿ ಅಳಿಸಿ, ಹೊಸದಾಗಿ ಪಿಡಿಎಫ್ ಮಾಡಿ.

ಇಷ್ಟೆಲ್ಲ ಮೂಲೆ ಹುಡುಕಿ ಅಳಿಸುವ ಬದಲು ಈಗ ನಾನು ಉಲ್ಟಾ ದಾರಿ ಹಿಡಿದಿದ್ದೇನೆ. ಹಳೇ ಫೈಲ್‌ನಿಂದ ಬೇಡದ್ದನ್ನು ತೆಗೆಯುವುದಿಲ್ಲ. ಬೇಕಾದ್ದನ್ನು ಮಾತ್ರ ಹೊಸ ಫೈಲ್‌ಗೆ ಸಾಗಿಸುತ್ತೇನೆ. ಲೇಯರ್ ಪಟ್ಟಿಯಲ್ಲಿ ಕಳಿಸಬೇಕಾದ ಲೇಯರ್‌ಗಳನ್ನು ಮಾತ್ರ ಆರಿಸಿ, ಬಲಗಡೆಯ ಮೌಸ್ ಬಟನ್ ಒತ್ತಿ `Duplicate Layers` ಕೊಟ್ಟು, `Document` ಎಂಬಲ್ಲಿ `New` ಆರಿಸುತ್ತೇನೆ. ಹೊಸ ಫೈಲ್ ತೆರೆದುಕೊಳ್ಳುತ್ತದೆ, ಅದರಲ್ಲಿ ನಾನು ಕೈಯಾರೆ ಆರಿಸಿದ್ದಷ್ಟೇ ಇರುತ್ತದೆ. ಆಮೇಲೆ ನೋಡಬೇಕಾದದ್ದು ಮೂರೇ: ಲೇಯರ್‌ಗಳ ಹೆಸರು, ಸ್ಮಾರ್ಟ್ ಆಬ್ಜೆಕ್ಟ್ ಒಳಗು, ಅಂಚಿನಾಚೆ. ಇಪ್ಪತ್ತು ಲೇಯರ್‌ನ ಫೈಲ್‌ಗೆ ಐದು ನಿಮಿಷ ಹಿಡಿಯುತ್ತದೆ.

ಯಾರಿಗೆ ಏನು ಕಳಿಸುವುದು ಎಂದೂ ಮೊದಲೇ ಕೇಳಿಕೊಳ್ಳುತ್ತೇನೆ. ಓದುವುದಕ್ಕೆ ಮಾತ್ರ ಬೇಕು ಅಂದವರಿಗೆ ಟಿಕ್ ತೆಗೆದ ಪಿಡಿಎಫ್. ವಾಟ್ಸಾಪ್‌ನಲ್ಲಿ ನೋಡಿದರೆ ಸಾಕು ಅಂದವರಿಗೆ ಮೆಟಾಡೇಟಾ ಇಲ್ಲದ ಜೆಪಿಜಿ. ಕ್ವಾಲಿಟಿ ಕೆಡಬಾರದೆಂದು ನಾವು ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸುತ್ತೇವಲ್ಲ, ಹಾಗೆ ಕಳಿಸಿದರೆ ಫೈಲ್ ಇದ್ದ ಹಾಗೇ ಹೋಗುತ್ತದೆ, ಒಳಗಿನ ಚೀಟಿಯೂ ಸೇರಿ. ಲೇಯರ್ ಸಮೇತ ಪಿಎಸ್‌ಡಿ ಬೇಕೇ ಬೇಕು ಅನ್ನುವವರು ಕಡಿಮೆ, ಬ್ಯಾನರ್ ಹಾಕುವ ಪ್ರೆಸ್‌ನವರು, ಇನ್ನೊಬ್ಬ ಡಿಸೈನರ್, ಅಷ್ಟೇ. ಅವರಿಗೆ ಮಾತ್ರ ಹೊಸ ಫೈಲ್ ಕಟ್ಟಿ ಕೊಡುತ್ತೇನೆ.

ಭಟ್ಟರ ಹಳೇ ಕೊಟೇಶನ್‌ಗಳ ವಿಷಯ ಉಳಿದಿತ್ತು. ಅವರಿಗೆ ಹಳೇ ರೇಟು ಬೇಕಿದ್ದದ್ದು ನಿಜವೇ. ಈಗ ಅದು ಬೇರೆ ಪಟ್ಟಿಯಲ್ಲಿದೆ, ಡಿಸೈನ್ ಫೈಲ್‌ನಲ್ಲಿ ಇಲ್ಲ. ಡಿಸೈನಿನ ಮೂಲ ಫೈಲ್‌ನಲ್ಲಿ ಹೆಸರಿನ ಜಾಗದಲ್ಲಿ "ಶ್ರೀ ___" ಎಂದೂ ರೇಟಿನ ಜಾಗದಲ್ಲಿ "000" ಎಂದೂ ಇಟ್ಟಿದ್ದೇನೆ. ಪ್ರತಿ ಕೊಟೇಶನ್ ಅಲ್ಲಿಂದಲೇ ಶುರು, ಹಿಂದಿನ ಮನೆಯ ಫೈಲ್‌ನಿಂದ ಅಲ್ಲ.

ಆ ಮೊದಲ ಮದುವೆ ಮನೆಯವರಿಗೆ ನಾನೇ ಫೋನ್ ಮಾಡಿ ಹೇಳಿದೆ. ಯಾವ ಫೈಲ್, ಯಾರಿಗೆ ಹೋಯಿತು, ಅದರಲ್ಲಿ ಅವರ ಏನೇನು ಇತ್ತು, ಎಲ್ಲ. ಯಜಮಾನರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಮ್ಮ ಮದುವೆ ಕಾಗದದ ಫೈಲೂ ಹಾಗೇ ಇದೆಯೇನಮ್ಮ?" ಎಂದು ಕೇಳಿದರು. ಮದುವೆ ಕಾಗದವನ್ನೂ ನಾನೇ ಮಾಡಿದ್ದೆ, ಪ್ರೆಸ್‌ಗೆ ಪಿಎಸ್‌ಡಿಯೇ ಹೋಗಿತ್ತು. ಫೋನ್ ಹಿಡಿದುಕೊಂಡೇ ಅದನ್ನು ತೆರೆದು, ಲೇಯರ್ ಪಟ್ಟಿ ಒಂದೊಂದೇ ಅವರಿಗೆ ಓದಿ ಹೇಳಿದೆ. ಮೂವತ್ತೆರಡು ಲೇಯರ್, ಎರಡು ಸ್ಮಾರ್ಟ್ ಆಬ್ಜೆಕ್ಟ್. ಕಣ್ಣು ಮುಚ್ಚಿದ್ದು ಒಂದೇ, ಮೊದಲು ಗೊತ್ತು ಮಾಡಿ ಬಿಟ್ಟಿದ್ದ ಹಾಲ್‌ನ ವಿಳಾಸ. "ಅದಾದರೆ ಅಡ್ಡಿಯಿಲ್ಲ" ಎಂದರು.